ಹೆಪಟೈಟಿಸ್ ಬಿ ಇರುವ ಸೊಸೆಯೊಂದಿಗೆ ಒಂದೇ ಮನೆಯಲ್ಲಿ: ಊಟ, ಪಾತ್ರೆ, ಬಟ್ಟೆಗಳ ಬಗ್ಗೆ ಪ್ರಶ್ನೋತ್ತರ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಕುಟುಂಬದಲ್ಲಿ ಐದು ತಿಂಗಳ ಗರ್ಭಿಣಿಯಾಗಿರುವ ಸೊಸೆಗೆ ರಕ್ತಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಬಿ ಇದೆಯೆಂದು ತಿಳಿದುಬಂದಿತು. ಅತ್ತೆ, ಮಾವ, ಗಂಡ, ಮೈದುನ, ಓರಗಿತ್ತಿ ಮತ್ತು ಇಬ್ಬರು ಮಕ್ಕಳಿರುವ ಮನೆ ಅದು. ವಿಷಯ ತಿಳಿದ ದಿನವೇ ಸೊಸೆಯ ತಟ್ಟೆ ಮತ್ತು ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಗುರುತು ಹಾಕಿ ಹಿತ್ತಲಿನ ಕಟ್ಟೆಯ ಮೇಲೆ ಪ್ರತ್ಯೇಕವಾಗಿ ಇಡಲಾಯಿತು. ದ್ವೇಷದಿಂದ ಯಾರೂ ಹೀಗೆ ಮಾಡಲಿಲ್ಲ. ಎಲ್ಲರಲ್ಲೂ ಇದ್ದದ್ದು ಭಯ. ಆ ಮನೆಗೆ ಭೇಟಿ ನೀಡಿದ ಶುಶ್ರೂಷಕಿಯಾಗಿ, ಮನೆಯವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಅವರು ಮತ್ತೆ ಓದಿಕೊಳ್ಳಲು ಅನುಕೂಲವಾಗುವಂತೆ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಅವಳು ಉಂಡ ತಟ್ಟೆಯಲ್ಲಿ ನಾವು ಉಂಡರೆ, ಅವಳು ಕುಡಿದ ಲೋಟದಲ್ಲಿ ನೀರು ಕುಡಿದರೆ ನಮಗೂ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಹೆಪಟೈಟಿಸ್ ಬಿ ವೈರಾಣು ಹರಡುವುದು ಸೋಂಕಿರುವವರ ರಕ್ತ, ವೀರ್ಯ ಮತ್ತು ಯೋನಿಸ್ರಾವ ಇನ್ನೊಬ್ಬರ ದೇಹದೊಳಗೆ ಸೇರುವುದರಿಂದ, ಹಾಗೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಊಟ, ನೀರು, ತಟ್ಟೆ, ಚಮಚ, ಅಪ್ಪುಗೆ, ಕೈಹಿಡಿಯುವುದು, ಕೆಮ್ಮು, ಸೀನು ಇವುಗಳಿಂದ ಅದು ಹರಡುವುದಿಲ್ಲ. ಎಂಜಲಿನಲ್ಲಿ ಅಲ್ಪ ಪ್ರಮಾಣದ ವೈರಾಣು ಕಂಡುಬರಬಹುದಾದರೂ ಎಂಜಲು ಪಾತ್ರೆಯಿಂದ ಸೋಂಕು ತಗಲುವುದಿಲ್ಲ. ಅವರ ತಟ್ಟೆಯನ್ನು ಎಲ್ಲರ ತಟ್ಟೆಗಳೊಂದಿಗೆ ಅದೇ ಸೋಪಿನಲ್ಲಿ, ಅದೇ ನಾರಿನಲ್ಲಿ ತೊಳೆದು ಅದೇ ಸ್ಟ್ಯಾಂಡಿನಲ್ಲಿ ಜೋಡಿಸಬಹುದು. ಕುದಿಯುವ ನೀರು ಬೇಕಾಗಿಲ್ಲ.

ಪ್ರಶ್ನೆ: ಕಾಮಾಲೆ ನೀರಿನಿಂದ, ಊಟದಿಂದ ಬರುತ್ತದೆಂದು ಹಿಂದಿನಿಂದಲೂ ಕೇಳುತ್ತಾ ಬಂದಿದ್ದೇವಲ್ಲ?

ಉತ್ತರ: ನೀವು ಕೇಳಿರುವುದು ಸುಳ್ಳಲ್ಲ, ಆದರೆ ಅದು ಬೇರೆ ವೈರಾಣುಗಳ ಮಾತು. ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ ಎಂಬವು ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದಿಂದ ಹರಡುತ್ತವೆ. ಊರಿನ ಪೈಪಿಗೆ ಚರಂಡಿ ನೀರು ಸೇರಿದಾಗ ಒಮ್ಮೆಗೇ ಹಲವರ ಕಣ್ಣು ಹಳದಿಯಾಗುವುದು ಸಾಮಾನ್ಯವಾಗಿ ಇವುಗಳಿಂದ. ನಮ್ಮ ಕಡೆ ಇವೆಲ್ಲಕ್ಕೂ ಕಾಮಾಲೆ ಅಥವಾ ಜಾಂಡೀಸ್ ಎಂಬ ಒಂದೇ ಹೆಸರು ಇರುವುದರಿಂದ, ಒಂದರ ಭಯವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ. ಕಾಮಾಲೆ ಎಂಬುದು ಯಕೃತ್ತಿನ ತೊಂದರೆಯ ಒಂದು ಲಕ್ಷಣವೇ ಹೊರತು ಒಂದೇ ಕಾಯಿಲೆಯ ಹೆಸರಲ್ಲ. ನಿಮ್ಮ ಸೊಸೆಯ ಕಣ್ಣು ಹಳದಿಯಾಗಿಲ್ಲ, ಅವರಿಗೆ ಹಸಿವೂ ಕುಂದಿಲ್ಲ. ಹೆಪಟೈಟಿಸ್ ಬಿ ಇರುವ ಎಷ್ಟೋ ಜನ ವರ್ಷಗಟ್ಟಲೆ ಹೀಗೆಯೇ ಯಾವ ಲಕ್ಷಣವೂ ಇಲ್ಲದೆ ಇರುತ್ತಾರೆ.

ಪ್ರಶ್ನೆ: ಅವಳು ಅಡುಗೆ ಮಾಡಬಹುದೇ? ಮುದ್ದೆಯನ್ನು ಕೈಯಿಂದಲೇ ಕಟ್ಟಬೇಕಲ್ಲ?

ಉತ್ತರ: ಧಾರಾಳವಾಗಿ ಮಾಡಬಹುದು, ಮುದ್ದೆಯನ್ನೂ ಕಟ್ಟಬಹುದು. ಎಲ್ಲರೂ ಅಡುಗೆಗೆ ಮುಂಚೆ ಕೈ ತೊಳೆಯುವಂತೆ ಅವರೂ ತೊಳೆದರೆ ಸಾಕು. ಈಳಿಗೆಮಣೆಯಲ್ಲಿ ಸೊಪ್ಪು ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಮಾತ್ರ ಕೆಲಸ ನಿಲ್ಲಿಸಿ, ಸೋಪಿನಿಂದ ತೊಳೆದು, ನೀರು ಒಳಗೆ ಹೋಗದ ಪಟ್ಟಿ ಕಟ್ಟಿಕೊಳ್ಳಬೇಕು. ರಕ್ತ ತಾಗಿದ ಸೊಪ್ಪನ್ನು ಎಸೆದು, ಈಳಿಗೆಮಣೆಯನ್ನು ಸ್ವಚ್ಛಗೊಳಿಸಬೇಕು. ಗಾಯ ಮಾಯುವವರೆಗೆ ಮುದ್ದೆ ಕಟ್ಟುವ, ಹಿಟ್ಟು ಕಲಸುವ ಕೆಲಸವನ್ನು ಇನ್ನೊಬ್ಬರು ಮಾಡಲಿ. ಬೆರಳು ಕೊಯ್ದುಕೊಂಡವರು ಯಾರೇ ಆದರೂ ಅನುಸರಿಸಬೇಕಾದ ಶುಚಿತ್ವ ಇದು. ಅವರಿಗಾಗಿ ಮಾಡಿದ ವಿಶೇಷ ನಿಯಮವೇನಲ್ಲ.

ಓರಗಿತ್ತಿಯ ಮಕ್ಕಳಿಗೆ ಅವರು ತುತ್ತು ಮಾಡಿ ತಿನ್ನಿಸಬಹುದು, ಮುದ್ದಿಸಬಹುದು, ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು. ದೊಡ್ಡವರು ಬಾಯಲ್ಲಿ ಅಗಿದದ್ದನ್ನು ಎಳೆಮಕ್ಕಳ ಬಾಯಿಗೆ ಇಡುವ ಹಳೆಯ ರೂಢಿಯೊಂದನ್ನು ಮಾತ್ರ ಬಿಡಬೇಕು, ಏಕೆಂದರೆ ಒಸಡಿನಲ್ಲಿ ನಮಗೆ ಗೊತ್ತಿಲ್ಲದಂತೆ ರಕ್ತ ಒಸರುತ್ತಿರಬಹುದು.

ಪ್ರಶ್ನೆ: ಹಾಗಾದರೆ ಯಾವ ವಸ್ತುವನ್ನೂ ಬೇರೆ ಇಡಬೇಕಾಗಿಲ್ಲವೇ?

ಉತ್ತರ: ಇಡಬೇಕು, ಆದರೆ ನೀವು ಬೇರೆ ಮಾಡಿರುವ ವಸ್ತುಗಳನ್ನಲ್ಲ. ನಿಮ್ಮ ಬಚ್ಚಲುಮನೆಯ ಗೂಡಿನಲ್ಲಿ ಒಂದೇ ಪ್ಲಾಸ್ಟಿಕ್ ಲೋಟದಲ್ಲಿ ಐದು ಹಲ್ಲುಜ್ಜುವ ಬ್ರಷ್‌ಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು, ಪಕ್ಕದಲ್ಲಿ ಅಣ್ಣತಮ್ಮಂದಿರಿಬ್ಬರೂ ಬಳಸುವ ಒಂದು ರೇಜರ್ ಇತ್ತು. ಸೊಸೆಯ ತಟ್ಟೆ ಹಿತ್ತಲಿಗೆ ಹೋಗಿತ್ತು, ಬ್ರಷ್ ಮಾತ್ರ ಎಲ್ಲರ ಬ್ರಷ್‌ಗಳ ನಡುವೆಯೇ ಉಳಿದಿತ್ತು. ಎಚ್ಚರಿಕೆ ಬೇಕಾಗಿರುವುದು ಚರ್ಮವನ್ನು ಅಥವಾ ಒಸಡನ್ನು ಗೀರಿ ರಕ್ತ ಬರಿಸಬಲ್ಲ ವಸ್ತುಗಳ ಬಗ್ಗೆ. ಬ್ರಷ್, ರೇಜರ್, ಬ್ಲೇಡ್, ಉಗುರು ಕತ್ತರಿಸುವ ಕಟ್ಟರ್, ಕಿವಿಯೋಲೆ, ಮೂಗುತಿ, ಸೂಜಿ, ಸಿರಿಂಜು ಇವು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿಯೇ ಇರಬೇಕು. ಮಾವನವರು ಮನೆಯಲ್ಲಿಯೇ ಸಕ್ಕರೆ ಅಂಶ ನೋಡಿಕೊಳ್ಳುವುದರಿಂದ ಬೆರಳಿಗೆ ಚುಚ್ಚುವ ಸೂಜಿಯನ್ನೂ, ಅದನ್ನು ಸಿಕ್ಕಿಸುವ ಪೆನ್ನಿನಂಥ ಸಾಧನವನ್ನೂ ಬೇರೆ ಯಾರೂ ಬಳಸಬಾರದು.

ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ಯಾವ ಕರಪತ್ರದಲ್ಲಿಯೂ ನಾನು ಅದನ್ನು ಕಂಡಿಲ್ಲ. ಅತ್ತೆಯವರ ಬಳೆಗೆ ಎರಡು ಸೇಫ್ಟಿ ಪಿನ್ನುಗಳು ಸದಾ ಸಿಕ್ಕಿಸಿಕೊಂಡಿರುತ್ತವೆ. ತೋಟದಿಂದ ಬಂದವರ ಅಂಗಾಲಿನ ಮುಳ್ಳು ತೆಗೆಯುವುದೂ, ಬೊಬ್ಬೆ ಚುಚ್ಚುವುದೂ ಅದರಿಂದಲೇ, ಬಳಿಕ ಸೆರಗಿಗೆ ಒರೆಸಿ ಮತ್ತೆ ಬಳೆಗೆ ಸಿಕ್ಕಿಸುವುದು ವಾಡಿಕೆ. ಈ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಸೋಂಕು ತಗಲಿಸುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತದಲ್ಲಿಯೂ ಅದು ಇರಬಲ್ಲದು. ಒಬ್ಬರ ಕಾಲಿನಿಂದ ಮುಳ್ಳು ತೆಗೆದ ಪಿನ್ನು ಇನ್ನೊಬ್ಬರ ಕಾಲನ್ನು ಮುಟ್ಟಬಾರದು. ಪ್ರತಿಸಲವೂ ಹೊಸ ಸೂಜಿಯನ್ನು ಬಳಸಿ, ಮಕ್ಕಳ ಕೈಗೆ ಸಿಗದಂತೆ ಗಟ್ಟಿಯಾದ ಡಬ್ಬಿಯಲ್ಲಿ ಹಾಕಿ ವಿಲೇವಾರಿ ಮಾಡಬೇಕು.

ಪ್ರಶ್ನೆ: ಟವೆಲ್, ಹಾಸಿಗೆ, ಸೋಪು, ಬಾಚಣಿಗೆ, ಶೌಚಾಲಯ?

ಉತ್ತರ: ರಕ್ತ ತಾಗಿಲ್ಲದಿದ್ದರೆ ಇವುಗಳಿಂದ ಅಪಾಯವಿಲ್ಲ, ಶೌಚಾಲಯವನ್ನು ಎಲ್ಲರೂ ಬಳಸಬಹುದು. ಸೊಳ್ಳೆ ಕಡಿತದಿಂದಲೂ ಇದು ಹರಡುವುದಿಲ್ಲ. ಮುಟ್ಟಿನ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ವಿಲೇವಾರಿ ಮಾಡಬೇಕು, ಬಟ್ಟೆ ಬಳಸುವವರು ಅದನ್ನು ತಾವೇ ತೊಳೆದುಕೊಳ್ಳಬೇಕು.

ಪ್ರಶ್ನೆ: ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಅವಳಿಗೆ ಕುಡುಗೋಲು ತಾಗಿ ರಕ್ತ ಬಂದರೆ ಏನು ಮಾಡಬೇಕು?

ಉತ್ತರ: ಸಾಧ್ಯವಾದರೆ ಅವರು ತಮ್ಮ ಗಾಯವನ್ನು ತಾವೇ ಒತ್ತಿ ಹಿಡಿದು, ತೊಳೆದು ಕಟ್ಟಿಕೊಳ್ಳಲಿ. ಇನ್ನೊಬ್ಬರು ಸಹಾಯ ಮಾಡುವುದಾದರೆ ಕೈಗವಸು ಹಾಕಿಕೊಳ್ಳಬೇಕು, ಅದು ಸಿಗದಿದ್ದರೆ ಶುದ್ಧವಾದ ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಳ್ಳಬಹುದು. ಗಾಬರಿಯಲ್ಲಿ ಯಾರೂ ಅವರನ್ನು ರಕ್ತ ಸೋರುತ್ತಿರುವಾಗ ಒಬ್ಬಂಟಿಯಾಗಿ ಬಿಟ್ಟು ದೂರ ನಿಲ್ಲಬಾರದು. ನೆಲದ ಮೇಲೆ ಬಿದ್ದ ರಕ್ತವನ್ನು ಕಾಗದ ಅಥವಾ ಹಳೆಯ ಬಟ್ಟೆಯಿಂದ ಒರೆಸಿ ತೆಗೆದು, ಒಂದು ಪಾಲು ದ್ರವರೂಪದ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಆ ಜಾಗಕ್ಕೆ ಸುರಿದು 10 ನಿಮಿಷ ಬಿಟ್ಟು ಒರೆಸಬೇಕು. ದ್ರಾವಣವನ್ನು ಆಯಾ ದಿನವೇ ಬೆರೆಸಿಕೊಳ್ಳಬೇಕು. ಕುಡುಗೋಲನ್ನು ಸೋಪಿನಿಂದ ತೊಳೆದು, ಇದೇ ದ್ರಾವಣದಿಂದ ಒದ್ದೆಮಾಡಿ, ನಂತರ ನೀರಿನಲ್ಲಿ ತೊಳೆದು ಒಣಗಿಸಬೇಕು.

ಅವರ ರಕ್ತ ನಿಮ್ಮ ಗಾಯಕ್ಕೋ ಕಣ್ಣಿಗೋ ಬಾಯಿಗೋ ಸೇರಿದರೆ, ಗಾಯವನ್ನು ಹಿಂಡದೆ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಿರಿ, ಕಣ್ಣನ್ನಾಗಲಿ ಬಾಯಿಯನ್ನಾಗಲಿ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಲಸಿಕೆ ಹಾಕಿಸಿಕೊಂಡಿರದವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಲಸಿಕೆ ಮತ್ತು ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನು 24 ಗಂಟೆಗಳೊಳಗೆ ಕೊಟ್ಟರೆ ಸೋಂಕನ್ನು ತಡೆಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಇಷ್ಟೆಲ್ಲ ಎಚ್ಚರಿಕೆ ಜೀವಮಾನವಿಡೀ ಸಾಧ್ಯವೇ? ತಪ್ಪಿ ಒಂದು ದಿನ ಮರೆತರೆ?

ಉತ್ತರ: ಮರೆವು ಎಲ್ಲ ಮನೆಗಳಲ್ಲಿಯೂ ಇರುತ್ತದೆ, ಆದ್ದರಿಂದಲೇ ಲಸಿಕೆ ಇದೆ. ಮೊದಲು ಮನೆಯ ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಉಚಿತವಾಗಿ ಕೊಡಲಾಗುತ್ತದೆ. ಎಲ್ಲಿ ಹೋಗಬೇಕೆಂಬುದನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಸೋಂಕೂ ಇಲ್ಲದ, ರೋಗನಿರೋಧಕ ಶಕ್ತಿಯೂ ಇಲ್ಲದ ದೊಡ್ಡವರು ಮೊದಲ ಚುಚ್ಚುಮದ್ದು, ಒಂದು ತಿಂಗಳ ನಂತರ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು ಎಂಬಂತೆ ಲಸಿಕೆ ಪಡೆಯಬೇಕು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ, ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಮಾಡಿಡಿ.

ಗಂಡನ ವಿಷಯ ಇನ್ನೂ ಮುಖ್ಯವಾದದ್ದು, ಏಕೆಂದರೆ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಬಾರದ ಸೋಂಕು ದೈಹಿಕ ಸಂಬಂಧದಿಂದ ಬರಬಹುದು. ಅವರು ಮೂರೂ ಚುಚ್ಚುಮದ್ದುಗಳನ್ನು ಪಡೆದು, ಒಂದೆರಡು ತಿಂಗಳ ನಂತರ ಪರೀಕ್ಷೆಯಲ್ಲಿ ಪ್ರತಿಕಾಯದ ಪ್ರಮಾಣ 10 mIU/mL ಅಥವಾ ಹೆಚ್ಚು ಇದೆಯೆಂದು ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು.

ಪ್ರಶ್ನೆ: ಹುಟ್ಟುವ ಮಗುವಿಗೆ ಅವಳು ಹಾಲು ಕುಡಿಸಬಹುದೇ?

ಉತ್ತರ: ಕುಡಿಸಬಹುದು, ಕುಡಿಸಬೇಕು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಮಗು ಹುಟ್ಟಿದ 24 ಗಂಟೆಗಳೊಳಗೆ, ಆದಷ್ಟು ಬೇಗ, ಹೆಪಟೈಟಿಸ್ ಬಿ ಲಸಿಕೆಯನ್ನೂ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಬೇಕು. ಮುಂದೆ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಇದರ ರಕ್ಷಣೆಯೂ ಸೇರಿರುತ್ತದೆ. ಹುಟ್ಟುವಾಗ ಸೋಂಕು ತಗಲಿದ 100 ಶಿಶುಗಳಲ್ಲಿ ಸುಮಾರು 90ಕ್ಕೆ ಅದು ದೀರ್ಘಕಾಲ ಉಳಿಯುತ್ತದೆ, ದೊಡ್ಡವರಲ್ಲಾದರೆ ಐದಕ್ಕಿಂತ ಕಡಿಮೆ ಮಂದಿಗೆ. ಹಾಗಾಗಿ ಮನೆಯವರೆಲ್ಲರ ಕಾಳಜಿ ಆ ಮೊದಲ ದಿನದ ಕಡೆಗೆ ತಿರುಗಬೇಕು. ರಕ್ತದಲ್ಲಿ ವೈರಾಣುವಿನ ಪ್ರಮಾಣ ಹೆಚ್ಚಿದ್ದರೆ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಟೆನೊಫೊವಿರ್ ಮಾತ್ರೆ ಕೊಡುವುದುಂಟು. ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾಯುವವರೆಗೆ ಆ ಕಡೆಯ ಹಾಲನ್ನು ಕುಡಿಸುವುದು ಬೇಡ.

ಪ್ರಶ್ನೆ: ನೆಂಟರಿಗೆ, ಅಕ್ಕಪಕ್ಕದವರಿಗೆ ಹೇಳಬೇಕೇ?

ಉತ್ತರ: ಬೇಕಾಗಿಲ್ಲ. ಚಿಕಿತ್ಸೆ ಕೊಡುವ ವೈದ್ಯರಿಗೆ, ಹಲ್ಲಿನ ವೈದ್ಯರಿಗೆ, ಹೆರಿಗೆ ಮಾಡಿಸುವವರಿಗೆ ಹೇಳಬೇಕು. ಗಂಡನಿಗೂ ಮನೆಯವರಿಗೂ ಈಗಾಗಲೇ ಗೊತ್ತಿದೆ. ಉಳಿದವರಿಗೆ ಹೇಳುವುದೂ ಬಿಡುವುದೂ ಸೊಸೆಯ ಇಚ್ಛೆಗೆ ಬಿಟ್ಟದ್ದು, ಅವರ ಅನುಮತಿಯಿಲ್ಲದೆ ಮನೆಯ ಇನ್ನಾರೂ ಹೇಳಬಾರದು. ಸೀಮಂತಕ್ಕೆ ಬಂದವರು ಹಿತ್ತಲಿನಲ್ಲಿ ಬೇರೆಯಾಗಿ ಇಟ್ಟಿರುವ ತಟ್ಟೆಯನ್ನು ಕಂಡರೆ ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ತಟ್ಟೆಯ ಮೇಲಿನ ಕೆಂಪು ಗುರುತು ಉಗುರಿನ ಬಣ್ಣ ತೆಗೆಯುವ ದ್ರವವನ್ನು ಹತ್ತಿಯಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ, ಆಮೇಲೆ ಸೋಪಿನಲ್ಲಿ ತೊಳೆದು ಅದನ್ನು ಒಳಗಿನ ಸ್ಟ್ಯಾಂಡಿನಲ್ಲಿ ಮಿಕ್ಕ ತಟ್ಟೆಗಳ ಜೊತೆಗೆ ಇಡಿ.