ದೋಣಿ ನಿಂತಲ್ಲಿ ಊರು: ನೈಲ್ ನದಿಯ ವ್ಯಾಪಾರ ಮತ್ತು ಜನವಸತಿ
(ಒಂಬತ್ತನೇ ತರಗತಿ, ಸಮಾಜ ವಿಜ್ಞಾನ, ಗುಂಪು ಯೋಜನಾ ವರದಿ)

ಕೆಲಸ ಹಂಚಿಕೊಂಡದ್ದು

ನಾವು ಐದು ಜನ. ಮೊದಲು ಇಬ್ಬರಿಗೆ ವ್ಯಾಪಾರ, ಇಬ್ಬರಿಗೆ ಜನವಸತಿ, ಒಬ್ಬಳಿಗೆ ನಕ್ಷೆ ಅಂತ ಹಂಚಿದ್ದೆವು. ವಾರ ಕಳೆದು ಟಿಪ್ಪಣಿ ಜೋಡಿಸಿದರೆ ಎರಡು ಕಡೆಯೂ ಅವೇ ಊರುಗಳು! ವ್ಯಾಪಾರ ಬಿಟ್ಟು ಊರಿನ ಕಥೆ ಹೇಳೋಕೆ ಆಗಲೇ ಇಲ್ಲ. ಹಾಗಾಗಿ ವಿಷಯದ ಬದಲು ಜಾಗ ಹಂಚಿಕೊಂಡೆವು. ಒಬ್ಬರು ಆಸ್ವಾನ್, ಒಬ್ಬರು ಮೆಂಫಿಸ್, ಒಬ್ಬರು ಅಲೆಕ್ಸಾಂಡ್ರಿಯಾ, ಇನ್ನೊಬ್ಬರು ಪ್ರವಾಹ. ನಕ್ಷೆ ಮಾಡುವವಳು ದೋಣಿಯ ವಿಷಯವನ್ನೂ ವಹಿಸಿಕೊಂಡಳು.

ಹೋಗಲು ಗಾಳಿ, ಬರಲು ನೀರು

ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿ ಹೆಚ್ಚಾಗಿ ಉತ್ತರದಿಂದಲೇ ಬೀಸುತ್ತದೆ. ಹಾಯಿ ಬಿಚ್ಚಿದರೆ ದಕ್ಷಿಣಕ್ಕೆ, ಮಡಚಿದರೆ ನೀರಿನ ಜೊತೆ ಉತ್ತರಕ್ಕೆ. ಒಂದೇ ನದಿ, ಎರಡೂ ಕಡೆಗೆ ದಾರಿ. ಹಳೆಯ ಈಜಿಪ್ಟಿನ ಚಿತ್ರಲಿಪಿಯಲ್ಲೂ ಇದು ಕಾಣುತ್ತದೆ: ದಕ್ಷಿಣಕ್ಕೆ ಹೋಗುವುದು ಎನ್ನುವ ಪದದ ಜೊತೆ ಹಾಯಿ ಎತ್ತಿದ ದೋಣಿ, ಉತ್ತರಕ್ಕೆ ಅಂದರೆ ಹಾಯಿ ಇಲ್ಲದ ದೋಣಿ. ಇವೆರಡನ್ನೂ ನಕ್ಷೆಯ ಮೂಲೆಯಲ್ಲಿ ಬರೆದಿದ್ದೇವೆ, ನೋಡಿ.

2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ ಮೆರರ್ ಎಂಬ ಮೇಲ್ವಿಚಾರಕನ ದಿನಚರಿ ಇದೆ. ಸುಮಾರು 4,500 ವರ್ಷದ ಹಿಂದೆ ಅವನ ತಂಡ ತುರಾ ಗಣಿಯ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸುತ್ತಿತ್ತು. ಇವತ್ತು ಕಲ್ಲು ತುಂಬಿದೆವು, ಇಂಥಲ್ಲಿ ರಾತ್ರಿ ತಂಗಿದೆವು ಅಂತ ದಿನದಿನದ ಲೆಕ್ಕ. ನಮಗೆಲ್ಲ ಜಾಸ್ತಿ ಇಷ್ಟವಾದದ್ದು ಇದೇ.

ಮೂರು ಊರುಗಳು

ಆಸ್ವಾನ್ ಬಳಿ ಗ್ರಾನೈಟ್ ಬಂಡೆಗಳು ನದಿಗೆ ಅಡ್ಡ ಬರುತ್ತವೆ. ಇದೇ ಮೊದಲ ಜಲಪಾತ. ಹೆಸರು ಜಲಪಾತ ಆದರೂ ನೀರು ಎತ್ತರದಿಂದ ಧುಮುಕುವುದಿಲ್ಲ, ಬಂಡೆಗಳ ನಡುವೆ ನುಗ್ಗುತ್ತದೆ. ಸರಕು ಇಳಿಸಿ ದಡದ ಮೇಲೆ ಹೊತ್ತು ದಾಟಿಸಬೇಕಿತ್ತು. ಇಳಿಸಿದ ಕಡೆ ಕೂಲಿ ಬೇಕು, ಕಾವಲು ಬೇಕು, ಸುಂಕದವನು ಬೇಕು ಅಲ್ವಾ? ಅಲ್ಲಿನ ಎಲಿಫೆಂಟೈನ್ ದ್ವೀಪದಲ್ಲಿ ಹಾಗೆ ಊರು ಬೆಳೆಯಿತು. ದಕ್ಷಿಣದ ನಾಡಾದ ನ್ಯೂಬಿಯಾದ ಚಿನ್ನ, ದಂತ, ಕರಿಮರ ಅದೇ ದಾರಿಯಲ್ಲಿ ಬಂದವು.

ಮೆಂಫಿಸ್ ಇದ್ದದ್ದು ನದಿ ಕವಲೊಡೆಯುವ ಕಡೆ. ಕಣಿವೆಯ ದೋಣಿ, ಮುಖಜಭೂಮಿಯ ದೋಣಿ ಎರಡೂ ಅದರ ಮುಂದೆಯೇ ಹಾಯಬೇಕು.

ಅಲೆಕ್ಸಾಂಡ್ರಿಯಾ ಶುರುವಾದದ್ದು ಕ್ರಿ.ಪೂ. 331ರಲ್ಲಿ, ಮುಖಜಭೂಮಿಯ ಪಶ್ಚಿಮ ಅಂಚಿನಲ್ಲಿ. ಸಮುದ್ರದ ಸೆಳೆತ ನೈಲ್‌ನ ಹೂಳನ್ನು ಪೂರ್ವಕ್ಕೆ ಒಯ್ಯುವುದರಿಂದ ಬಂದರು ಹೂತುಹೋಗಲಿಲ್ಲ. ಕಾಲುವೆ ಅದನ್ನು ನದಿಗೆ ಜೋಡಿಸಿತು. ಮುಂದೆ ರೋಮ್‌ನ ಹಡಗುಗಳು ಇಲ್ಲಿಂದಲೇ ಧಾನ್ಯ ಹೊತ್ತವು.

ಪ್ರವಾಹ

ಇಥಿಯೋಪಿಯಾದ ಬೆಟ್ಟಗಳ ಮಳೆಯಿಂದ ಪ್ರತಿ ಬೇಸಿಗೆ ನದಿ ಉಕ್ಕುತ್ತಿತ್ತು. ಹೊಲಕ್ಕೆ ಕಪ್ಪು ಮಣ್ಣು ಬರುತ್ತಿತ್ತು. ಮನೆಗಳು ಮಾತ್ರ ದಿಬ್ಬದ ಮೇಲೆ. ಎಲಿಫೆಂಟೈನ್‌ನ ಕಲ್ಲು ಮೆಟ್ಟಿಲುಗಳಲ್ಲಿ ನೀರಿನ ಮಟ್ಟ ಅಳೆದು ಬೆಳೆ ಎಷ್ಟಾದೀತು ಎಂದು ಅಂದಾಜು ಮಾಡುತ್ತಿದ್ದರು. 1970ರಲ್ಲಿ ಆಸ್ವಾನ್ ಎತ್ತರದ ಅಣೆಕಟ್ಟು ಮುಗಿಯಿತು. ಈಗ ಆ ಪ್ರವಾಹ ಇಲ್ಲ.

ನಕ್ಷೆಯ ಬಗ್ಗೆ ಒಂದು ಮಾತು

ಎರಡನೇ ಜಲಪಾತದ ಬಳಿಯ ಬುಹೆನ್ ಕೋಟೆಯನ್ನು ಚುಕ್ಕಿ ಗೆರೆಯಲ್ಲಿ ತೋರಿಸಿದ್ದೇವೆ. ವ್ಯಾಪಾರದ ದಾರಿ ಕಾಯಲು ಕಟ್ಟಿದ ಆ ಕೋಟೆ ಈಗ ಆಸ್ವಾನ್ ಅಣೆಕಟ್ಟಿನಿಂದಾದ ನಾಸರ್ ಸರೋವರದ ನೀರಿನಡಿ ಇದೆ.