ಕೆಎಎಸ್ ಪ್ರಿಲಿಮ್ಸ್‌ಗೆ 90 ದಿನ: ರಿವಿಷನ್ ಮೊದಲು, ಹೊಸ ಪಾಠ ಆಮೇಲೆ

1/13
ಗೋಡೆಗೆ ಅಂಟಿಸಿದ 14 ಗಂಟೆಯ ಟೈಮ್‌ಟೇಬಲ್ ನಾಲ್ಕನೇ ದಿನಕ್ಕೆ ಹರಿದುಹೋಗುತ್ತೆ.
ಇದು ದಿನಕ್ಕೆ ಏಳು ಗಂಟೆಯದು. 90ನೇ ದಿನದವರೆಗೂ ಎಳೆದುಕೊಂಡು ಹೋಗಬಹುದು.
👉 ಪಕ್ಕಕ್ಕೆ ಸರಿಸಿ

2/13 · ಪರೀಕ್ಷೆ ಎಷ್ಟಿದೆ, ಅಷ್ಟಕ್ಕೇ ತಯಾರಿ
ಎರಡು ಪತ್ರಿಕೆ, ಒಂದೇ ದಿನ. ಒಂದೊಂದಕ್ಕೆ 100 ಪ್ರಶ್ನೆ, 200 ಅಂಕ, 2 ಗಂಟೆ. ಸರಿ ಉತ್ತರಕ್ಕೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಟ್.

ಪತ್ರಿಕೆ 1: ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ವಿದ್ಯಮಾನ 40 ಪ್ರಶ್ನೆ, ಇತಿಹಾಸ-ಭೂಗೋಳ-ಸಂವಿಧಾನ-ಅರ್ಥಶಾಸ್ತ್ರ ಎಲ್ಲ ಸೇರಿ 60.
ಪತ್ರಿಕೆ 2: ರಾಜ್ಯದ ವಿಷಯ 40, ವಿಜ್ಞಾನ-ತಂತ್ರಜ್ಞಾನ-ಪರಿಸರ 30, ಮಾನಸಿಕ ಸಾಮರ್ಥ್ಯ 30.

ಮಾನಸಿಕ ಸಾಮರ್ಥ್ಯದ್ದೇ 60 ಅಂಕ! ಅದನ್ನು "ಕೊನೆಯ ತಿಂಗಳು ನೋಡಿಕೊಂಡರಾಯ್ತು" ಅಂತ ಬಿಡೋರೇ ಜಾಸ್ತಿ. ಅದು ಕೈಯ ರೂಢಿ. ತಿಂಗಳಲ್ಲಿ ಬರಲ್ಲ, ದಿನಾ 45 ನಿಮಿಷ ಕೊಟ್ಟರೆ ಬರುತ್ತೆ.

3/13 · ಪಠ್ಯಕ್ರಮವನ್ನು 100 ತುಂಡು ಮಾಡಿ
ಇತಿಹಾಸ (ಕರ್ನಾಟಕದ್ದೂ ಸೇರಿ) 22, ಸಂವಿಧಾನ 16, ಭೂಗೋಳ 15, ರಾಜ್ಯದ ಆರ್ಥಿಕತೆ-ಆಡಳಿತ-ಯೋಜನೆ 15, ಅರ್ಥಶಾಸ್ತ್ರ 12, ವಿಜ್ಞಾನ-ತಂತ್ರಜ್ಞಾನ 12, ಪರಿಸರ 8. ಇದು ನಮ್ಮ ಹಂಚಿಕೆ, ಆಯೋಗದ್ದಲ್ಲ. ನಿಮಗೆ ಭೂಗೋಳ ಗಟ್ಟಿಯಿದ್ದರೆ ಅಲ್ಲಿ ಮೂರು ತೆಗೆದು ಬೇರೆ ಕಡೆ ಹಾಕಿ.

ಒಂದು ತುಂಡು ಅಂದರೆ ಎರಡು ಗಂಟೆಯಲ್ಲಿ ಓದಿ, ಒಂದು ಎ4 ಹಾಳೆಯ ಎರಡು ಮಗ್ಗುಲಲ್ಲಿ ನೋಟ್ಸ್ ಮುಗಿಯುವಷ್ಟು.
✔ "ಮೂಲಭೂತ ಹಕ್ಕುಗಳು, ವಿಧಿ 12ರಿಂದ 35"
✔ "ವಿಜಯನಗರ: 1336ರಿಂದ 1646, ನಾಲ್ಕು ವಂಶ"
✘ "ಸಂವಿಧಾನ ಓದುವುದು". ಇದು ಟಾಪಿಕ್ ಅಲ್ಲ, ಆಸೆ.

4/13 · ಪೂರ್ತಿ ದಿನ ಇರೋರಿಗೆ
5:45 ಏಳೋದು
6:15–7:15 ರಿವಿಷನ್ (ನಿನ್ನೆಯದು, 3 ದಿನ ಹಿಂದಿನದು)
7:15–8:00 ಮಾನಸಿಕ ಸಾಮರ್ಥ್ಯ, 25 ಲೆಕ್ಕ
8:00–9:30 ಸ್ನಾನ, ತಿಂಡಿ, ಲೈಬ್ರರಿಗೆ ಹೋಗೋದು
9:30–11:30 ಹೊಸ ಟಾಪಿಕ್ 1
11:45–12:30 ಪ್ರಚಲಿತ ವಿದ್ಯಮಾನ
12:30–2:00 ಊಟ, 20 ನಿಮಿಷ ಕಣ್ಣು ಮುಚ್ಚೋದು
2:00–4:00 ಹೊಸ ಟಾಪಿಕ್ 2
4:00–5:30 ಟೀ, ನಡಿಗೆ, ಫೋನ್
5:30–6:30 ಇವತ್ತಿನ ಎರಡು ಟಾಪಿಕ್ ಮೇಲೆ 50 ಎಂಸಿಕ್ಯೂ
8:30–9:15 ರಿವಿಷನ್ (7 ಮತ್ತು 21 ದಿನ ಹಿಂದಿನದು)
10:15 ನಿದ್ದೆ

ಕೂಡಿದರೆ ಎಂಟೂಕಾಲು ಗಂಟೆ. ನೀರು ಕುಡಿಯೋಕೆ ಎದ್ದಿದ್ದು, ಪಕ್ಕದವರ ಮಾತು, ಕರೆಂಟ್ ಹೋಗಿದ್ದು ಕಳೆದರೆ ಕೈಗೆ ಏಳು. ಆ ಸೋರಿಕೆಯನ್ನು ಮೊದಲೇ ಲೆಕ್ಕ ಹಿಡಿದಿದ್ದೀವಿ, ಹಾಗಾಗಿ ರಾತ್ರಿ ಅಪರಾಧಿ ಭಾವ ಬೇಡ.

ಹೊಸ ಟಾಪಿಕ್‌ಗಳನ್ನು 9:30–11:30 ಮತ್ತು 2–4ಕ್ಕೆ ಸುಮ್ಮನೆ ಇಟ್ಟಿಲ್ಲ. ಪರೀಕ್ಷೆ ನಡೆಯೋದು ಬೆಳಗ್ಗೆ 10–12, ಮಧ್ಯಾಹ್ನ 2–4. ಊಟವಾದ ಮೇಲೆ ತೂಕಡಿಸುವ ಮೈ ಮೂರು ತಿಂಗಳು ಅದೇ ಹೊತ್ತಿಗೆ ಕೂತು ಅಭ್ಯಾಸವಾಗಬೇಕು.

5/13 · ಕೆಲಸಕ್ಕೆ ಹೋಗೋರಿಗೆ
5:15–6:45 ಹೊಸ ಟಾಪಿಕ್, ಒಂದೇ ಒಂದು
6:45–7:15 ರಿವಿಷನ್
ಬಸ್ಸಿನಲ್ಲಿ: ಪ್ರಚಲಿತ ವಿದ್ಯಮಾನ. ಹೊಸ ಟಾಪಿಕ್ ಬಸ್ಸಲ್ಲಿ ಬೇಡ, ನಿಲ್ಲಲ್ಲ.
8:30–9:30 ರಾತ್ರಿ: 20 ಎಂಸಿಕ್ಯೂ, ಹಳೇ ಟಾಪಿಕ್ ರಿವಿಷನ್
ಶನಿವಾರ ಎರಡು ಟಾಪಿಕ್. ಭಾನುವಾರ ಬಾಕಿ ಮತ್ತು ಮಾನಸಿಕ ಸಾಮರ್ಥ್ಯ.

ವಾರಕ್ಕೆ 7 ಟಾಪಿಕ್ ಆಯ್ತು. 100 ಮುಗಿಯೋಕೆ 15 ವಾರ, ಮೇಲೆ ಒಂದು ತಿಂಗಳು ರಿವಿಷನ್. ಅಂದರೆ ನಾಲ್ಕೂವರೆ ತಿಂಗಳು. ಕೆಲಸದ ಜೊತೆ 90 ದಿನದಲ್ಲಿ ಎಲ್ಲಾ ಮುಗಿಸಿ ಅನ್ನೋರನ್ನು ನಂಬಬೇಡಿ. ಇರೋದೇ 90 ದಿನವಾದರೆ 60 ಟಾಪಿಕ್ ಆರಿಸಿ, ಅವನ್ನೇ ನಾಲ್ಕು ಸಲ ತಿರುವಿ. 100 ಟಾಪಿಕ್ ಒಂದೊಂದೇ ಸಲ ಓದಿದವರು ಹಾಲ್‌ನಲ್ಲಿ "ಇದನ್ನ ಎಲ್ಲೋ ನೋಡಿದೀನಿ" ಅಂತ ಕೂತಿರ್ತಾರೆ.

6/13 · ರಿವಿಷನ್ ಲೆಕ್ಕ: 1-3-7-21
ಸೋಮವಾರ ಓದಿದ್ದು → ಮಂಗಳವಾರ → ಗುರುವಾರ → ಮುಂದಿನ ಸೋಮವಾರ → ಮೂರು ವಾರ ಕಳೆದ ಮೇಲಿನ ಸೋಮವಾರ.

ದಿನಕ್ಕೆ ಎರಡು ಟಾಪಿಕ್ ಓದಿದರೆ 22ನೇ ದಿನದಿಂದ ರಿವಿಷನ್ ಪೂರ್ತಿ ತೂಕಕ್ಕೆ ಬರುತ್ತೆ:
1ನೇ ದಿನದ್ದು 2 × 15 = 30 ನಿಮಿಷ
3ನೇ ದಿನದ್ದು 2 × 15 = 30
7ನೇ ದಿನದ್ದು 2 × 12 = 24
21ನೇ ದಿನದ್ದು 2 × 10 = 20
ಒಟ್ಟು 104 ನಿಮಿಷ. ಬೆಳಗಿನ ಒಂದು ಗಂಟೆ, ರಾತ್ರಿಯ ಮುಕ್ಕಾಲು ಗಂಟೆ ಇದಕ್ಕೇ ಕಟ್ಟಿಟ್ಟಿದ್ದು.

ಪ್ಲಾನ್ ಮುರಿಯೋದು ಇಲ್ಲೇ. ಮೊದಲ ವಾರ ರಿವಿಷನ್ ಕಮ್ಮಿ ಇರುತ್ತೆ, ಹುರುಪಲ್ಲಿ ದಿನಕ್ಕೆ ನಾಲ್ಕು ಟಾಪಿಕ್ ಓದಿಬಿಡ್ತೀವಿ. ನಾಲ್ಕನೇ ವಾರಕ್ಕೆ ದಿನಕ್ಕೆ ಮೂರೂವರೆ ಗಂಟೆ ರಿವಿಷನ್ ಬಂದು ಕೂರುತ್ತೆ. ಆಗ ಬಿಡೋದು ರಿವಿಷನ್ನನ್ನೇ. ಅದಕ್ಕೇ ಮೊದಲ ವಾರದಲ್ಲೂ ಎರಡೇ ಟಾಪಿಕ್. ಟೈಮ್ ಉಳಿದರೆ ಇನ್ನೊಂದಿಷ್ಟು ಲೆಕ್ಕ ಮಾಡಿ.

ಭಾನುವಾರ ಹೊಸದು ಓದಲ್ಲ. ಹಾಗಾಗಿ ಸೋಮವಾರ ಬೆಳಗ್ಗೆ "ನಿನ್ನೆಯದು" ಇರಲ್ಲ, ಅರ್ಧ ಗಂಟೆ ಖಾಲಿ. ಅದನ್ನು ತಪ್ಪಿನ ಪುಸ್ತಕಕ್ಕೆ ಇಡಿ (ಸ್ಲೈಡ್ 10).

7/13 · ರಿವಿಷನ್ ಅಂದರೆ ಮತ್ತೆ ಓದೋದಲ್ಲ
ನೋಟ್ಸ್ ಮುಚ್ಚಿ. ಖಾಲಿ ಹಾಳೆ. 8 ನಿಮಿಷ ನೆನಪಿದ್ದಷ್ಟು ಬರೀರಿ: ಇಸವಿ, ವಿಧಿ, ಹೆಸರು, ಕ್ರಮ. ಆಮೇಲೆ ನೋಟ್ಸ್ ತೆಗೆದು ಬಿಟ್ಟಿದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿ.

ಮುಂದಿನ ಸುತ್ತಿನಲ್ಲಿ ಮೊದಲು ಕೆಂಪನ್ನೇ ಕೇಳಿಕೊಳ್ಳಿ. 21ನೇ ದಿನವೂ ಕೆಂಪಾಗೇ ಉಳಿದಿದ್ದು ಒಂದು ಬೇರೆ ಹಾಳೆಗೆ ಹೋಗುತ್ತೆ. ಅದಕ್ಕೆ "ಹಠಮಾರಿ ಹಾಳೆ" ಅನ್ನೋಣ. ಕೊನೆಯ ಎರಡು ದಿನಕ್ಕೆ ಅದೇ ಆಧಾರ.

ಹೈಲೈಟರ್ ಬಳಿದ ಪುಟ ನೋಡಿದಾಗ ಎಲ್ಲಾ ಗೊತ್ತು ಅನ್ನಿಸುತ್ತೆ. ಗೊತ್ತಿರೋದು ಬಣ್ಣ ಮಾತ್ರ.

8/13 · ಜೋಡಿ ಜೋಡಿಯಾಗಿ ಬರೆದಿಡಿ
ಪ್ರಶ್ನೆ ತೆಗೆಯೋರು ಗೊಂದಲ ಆಗೋ ಕಡೆಯೇ ತೆಗೀತಾರೆ. ಒಂಟಿಯಾಗಿ ನೆನಪಿಟ್ಟರೆ ಆಯ್ಕೆಗಳ ಮುಂದೆ ಕಲಸಿಹೋಗುತ್ತೆ. ಹೀಗೆ:

▪ 73ನೇ ತಿದ್ದುಪಡಿ: ಪಂಚಾಯಿತಿ, ಭಾಗ 9, 11ನೇ ಅನುಸೂಚಿ, 29 ವಿಷಯ
▪ 74ನೇ ತಿದ್ದುಪಡಿ: ನಗರಸಭೆ, ಭಾಗ 9ಎ, 12ನೇ ಅನುಸೂಚಿ, 18 ವಿಷಯ

▪ ತಾಳಗುಂದ ಶಾಸನ: ಕುಬ್ಜ, ಕದಂಬ
▪ ಐಹೊಳೆ ಶಾಸನ: ರವಿಕೀರ್ತಿ, ಇಮ್ಮಡಿ ಪುಲಿಕೇಶಿ, 634

▪ 1956 ನವೆಂಬರ್ 1: ಏಕೀಕೃತ ಮೈಸೂರು ರಾಜ್ಯ
▪ 1973 ನವೆಂಬರ್ 1: ಹೆಸರು ಕರ್ನಾಟಕ

ನಂಜುಂಡಪ್ಪ ಸಮಿತಿಯ 114 ಹಿಂದುಳಿದ ತಾಲ್ಲೂಕು ಎಲ್ಲರಿಗೂ ಗೊತ್ತು. ಅದು ಅತ್ಯಂತ ಹಿಂದುಳಿದ 39, ಅತಿ ಹಿಂದುಳಿದ 40, ಹಿಂದುಳಿದ 35 ಅಂತ ಒಡೆದು ಗೊತ್ತಿರಬೇಕು.

ಕನ್ನಡದಲ್ಲಿ ಬರೆಯೋರು ಪಾರಿಭಾಷಿಕ ಪದದ ಪಕ್ಕ ಇಂಗ್ಲಿಷ್ ಪದವನ್ನೂ ಬರೆದಿಡಿ, ಮುಖ್ಯವಾಗಿ ವಿಜ್ಞಾನ, ಅರ್ಥಶಾಸ್ತ್ರದಲ್ಲಿ. 2024ರ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಅನುವಾದ ಎಡವಟ್ಟಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆದಿದ್ದು ನೆನಪಿರಲಿ. ಕನ್ನಡ ವಾಕ್ಯ ಅರ್ಥವಾಗದಿದ್ದರೆ ಕೆಳಗಿನ ಇಂಗ್ಲಿಷ್ ನೋಡೋ ಅಭ್ಯಾಸ ಮಾಕ್‌ನಲ್ಲೇ ಆಗಲಿ.

9/13 · ಪ್ರಚಲಿತ ವಿದ್ಯಮಾನ: 45 ನಿಮಿಷ, ಒಂದು ನಿಮಿಷ ಜಾಸ್ತಿ ಇಲ್ಲ
ಒಂದೇ ಪತ್ರಿಕೆ, ಒಂದೇ ಮಾಸಪತ್ರಿಕೆ. ಐದು ಟೆಲಿಗ್ರಾಂ ಚಾನೆಲ್‌ಗಳ ಪಿಡಿಎಫ್ ಡೌನ್‌ಲೋಡ್ ಮಾಡೋದು ಓದಿದ ಲೆಕ್ಕವಲ್ಲ. ದಿನಕ್ಕೆ 8 ಸಾಲು ಮೀರಬೇಡಿ. ರಾಜಕೀಯ ಹೇಳಿಕೆ ಬಿಡಿ. ಯೋಜನೆ, ತೀರ್ಪು, ಸೂಚ್ಯಂಕ, ಪ್ರಶಸ್ತಿ, ಜಾಗದ ಹೆಸರು ಹಿಡಿಯಿರಿ. ರಾಜ್ಯದ ಬಜೆಟ್ ಮತ್ತು ಕರ್ನಾಟಕ ಆರ್ಥಿಕ ಸಮೀಕ್ಷೆಗೆ ಬೇರೆಯೇ ಎರಡು ಟಾಪಿಕ್ ಜಾಗ ಇಡಿ.

10/13 · ಮಾಕ್ ಟೆಸ್ಟ್
ಮೊದಲ ಮೂರು ಭಾನುವಾರ ಬಾಕಿ ತೀರಿಸೋಕೆ. 28ನೇ ದಿನದಿಂದ ಪ್ರತಿ ಭಾನುವಾರ ಎರಡೂ ಪತ್ರಿಕೆ, ಅದೇ 10–12, 2–4ಕ್ಕೆ, ಒಎಂಆರ್ ಹಾಳೆಯ ಮೇಲೆ. ಫೋನಲ್ಲಿ ಒತ್ತೋದು ಮಾಕ್ ಅಲ್ಲ.

100 ಪ್ರಶ್ನೆಗೆ 120 ನಿಮಿಷ ಅಂದರೆ ಒಂದಕ್ಕೆ 72 ಸೆಕೆಂಡ್. ಆದರೆ ವೃತ್ತ ತುಂಬೋಕೇ 15–20 ನಿಮಿಷ ಹೋಗುತ್ತೆ, ಉಳಿಯೋದು ಸುಮಾರು ಒಂದು ನಿಮಿಷ. ಹತ್ತು ಪ್ರಶ್ನೆ ಮುಗಿದ ಕೂಡಲೇ ಹತ್ತು ವೃತ್ತ ತುಂಬಿ. ಎಲ್ಲಾ ಕೊನೆಗೆ ಅಂತ ಇಟ್ಟುಕೊಂಡರೆ ಒಂದು ಸಾಲು ಜಾರಿದರೆ ಕೆಳಗಿನದ್ದೆಲ್ಲ ಜಾರುತ್ತೆ.

ಸಂಜೆ ಎರಡು ಗಂಟೆ ತಪ್ಪಿನ ಪುಸ್ತಕ. ಪ್ರತಿ ತಪ್ಪಿಗೆ ಒಂದು ಅಕ್ಷರ:
ಗ = ಗೊತ್ತೇ ಇರಲಿಲ್ಲ
ಕ = ಗೊತ್ತಿತ್ತು, ಕಲಸಿಹೋಯ್ತು
ಓ = ಓದಿದ್ದೇ ತಪ್ಪು ("ಸರಿಯಲ್ಲದ್ದು ಯಾವುದು" ಅನ್ನೋದನ್ನು "ಸರಿಯಾದ್ದು" ಅಂತ)

"ಗ" ಜಾಸ್ತಿ ಇದ್ದರೆ ಟಾಪಿಕ್ ಓದಬೇಕು. "ಕ" ಜಾಸ್ತಿ ಇದ್ದರೆ ಹೊಸದು ನಿಲ್ಲಿಸಿ, ರಿವಿಷನ್ ಸಾಲಲ್ಲ ಅಂತ ಅರ್ಥ. "ಓ"ಗೆ ಮದ್ದು, ಪ್ರಶ್ನೆಯ "ಅಲ್ಲ", "ಹೊರತುಪಡಿಸಿ" ಪದಗಳಿಗೆ ಪೆನ್ನಲ್ಲಿ ಗೆರೆ ಎಳೆಯೋದು.

11/13 · ಗೆಸ್ ಮಾಡಬೇಕಾ, ಬೇಡ್ವಾ?
ಲೆಕ್ಕ ಹೇಳೋದು ಇಷ್ಟು. ನಾಲ್ಕು ಆಯ್ಕೆಯಲ್ಲಿ ಎರಡನ್ನು ಖಚಿತವಾಗಿ ಹೊಡೆದುಹಾಕಿದರೆ ಸರಾಸರಿ ಮುಕ್ಕಾಲು ಅಂಕ ಲಾಭ. ಒಂದನ್ನು ಹೊಡೆದುಹಾಕಿದರೆ ಮೂರನೇ ಒಂದು ಅಂಕ. ಏನೂ ಗೊತ್ತಿಲ್ಲದೆ ಹಾಕಿದರೆ ಬರೀ 0.125, ಅದೂ ಅದೃಷ್ಟ ಕೈಕೊಡದಿದ್ದರೆ. ಎರಡು ಹೋದರೆ ಹಾಕಿ, ಒಂದು ಹೋದರೆ ಮಾಕ್‌ನಲ್ಲಿ ನಿಮ್ಮ ದಾಖಲೆ ನೋಡಿ ನಿರ್ಧರಿಸಿ. ಅದಕ್ಕೆ ಮಾಕ್‌ನಲ್ಲಿ ಗೆಸ್ ಮಾಡಿದ ಪ್ರಶ್ನೆಗೆಲ್ಲ ಚುಕ್ಕಿ ಇಡಿ. ನಾಲ್ಕು ಮಾಕ್ ಮುಗಿದ ಮೇಲೆ ಚುಕ್ಕಿಗಳನ್ನು ಎಣಿಸಿದರೆ ನಿಮ್ಮ ಊಹೆ ಎಷ್ಟು ನಂಬಿಕಸ್ಥ ಅಂತ ಗೊತ್ತಾಗುತ್ತೆ.

12/13 · ಒಂದು ದಿನ ತಪ್ಪಿದರೆ
ಮದುವೆ, ಜಾತ್ರೆ, ಜ್ವರ ಬಂದೇ ಬರುತ್ತೆ. ಮಾರನೇ ದಿನ ಎರಡು ದಿನದ ಕೋಟಾ ಹೊರಬೇಡಿ. ತಪ್ಪಿದ ಹೊಸ ಟಾಪಿಕ್ ಬಾಕಿ ಪಟ್ಟಿಗೆ. ತಪ್ಪಿದ ರಿವಿಷನ್‌ನಲ್ಲಿ 3ನೇ ದಿನದ್ದನ್ನು ಬಿಡಿ. 1ನೇ ದಿನದ್ದನ್ನೂ 7ನೇ ದಿನದ್ದನ್ನೂ ಬಿಡಬೇಡಿ.
60 ದಿನದಲ್ಲಿ 8 ಭಾನುವಾರ ಕಳೆದರೆ 52 ದಿನ, 104 ಜಾಗ. ಟಾಪಿಕ್ 100. ಹೆಚ್ಚಿನ ನಾಲ್ಕು ಜಾಗ ಇರೋದು ಇದಕ್ಕೇ. ಮಾಕ್ ಶುರುವಾದ ಮೇಲೆ ಶನಿವಾರದ ಎಂಸಿಕ್ಯೂ ಗಂಟೆಯೂ ಬಾಕಿಗೆ.

13/13 · ಕೊನೆಯ 30 ದಿನ
61–80: ಎರಡನೇ ಸುತ್ತು. ನಾಲ್ಕು ದಿನಕ್ಕೊಂದು ಮಾಕ್ (ಐದು), ಉಳಿದ 15 ದಿನ ದಿನಕ್ಕೆ 7 ಟಾಪಿಕ್, ಒಂದಕ್ಕೆ 45 ನಿಮಿಷ. 40ನೇ ದಿನದಿಂದ ಓದಿದವುಗಳ 21ರ ಸುತ್ತು ಇದರಲ್ಲೇ ಸೇರಿತು.
81–88: ಮೂರನೇ ಸುತ್ತು. 84ಕ್ಕೆ ಕೊನೆಯ ಮಾಕ್. ಉಳಿದ ದಿನ 15 ಟಾಪಿಕ್, ತಲಾ 20 ನಿಮಿಷ, ಕೆಂಪು ಬರಹ ಮಾತ್ರ.
89–90: ಹಠಮಾರಿ ಹಾಳೆ, ಜೋಡಿಗಳ ಪಟ್ಟಿ, ತಪ್ಪಿನ ಪುಸ್ತಕದ "ಕ". ಹೊಸ ಪಿಡಿಎಫ್ ಯಾರು ಕಳಿಸಿದರೂ ತೆರೆಯಬೇಡಿ.
90ರ ಸಂಜೆ: ಹಾಲ್ ಟಿಕೆಟ್, ಗುರುತಿನ ಚೀಟಿ, ಎರಡು ಬಾಲ್ ಪೆನ್ ಒಂದೇ ಕವರ್‌ಗೆ. ಸೆಂಟರ್ ಬೇರೆ ಊರಲ್ಲಿದ್ದರೆ ಮೊದಲ ಬಸ್ ಎಷ್ಟಕ್ಕೆ ಅಂತ ಈಗಲೇ ಕೇಳಿಕೊಳ್ಳಿ, ಮಧ್ಯಾಹ್ನದ ಊಟ ಡಬ್ಬಿಯಲ್ಲಿರಲಿ. ಎರಡು ಪತ್ರಿಕೆಗಳ ನಡುವೆ ಉತ್ತರ ಚರ್ಚೆ ಮಾಡೋ ಗುಂಪಿನಿಂದ ದೂರ ಕೂತು ಉಣ್ಣಿ.