ಮೌಖಿಕ ಸೂಚನೆ

ಅಸಿಸ್ಟೆಂಟ್ ಕಮಿಷನರ್, ಅಂದರೆ ಎಸಿ ಸಾಹೇಬರ ಫೋನ್ ಬಂದಾಗ ತಹಸೀಲ್ದಾರ್ ಪ್ರವೀಣ ಅದೇ ಜಮೀನಿನ ಖಾತೆ ಬದಲಾವಣೆಯ ಕಡತ ನೋಡುತ್ತಿದ್ದ.

"ಆ ಎರಡು ಎಕರೆ ಮ್ಯುಟೇಶನ್ ಇನ್ನೂ ಯಾಕ್ರೀ ಬಾಕಿ? ತಕರಾರು ವಜಾ ಮಾಡಿ, ಇವತ್ತೇ ಮುಗಿಸಿ."

"ಸಾರ್, ಅದು ಪಿಟಿಸಿಎಲ್ ಜಮೀನು. ಮಾರೋಕೆ ಸರ್ಕಾರದ ಅನುಮತಿ ತಗೊಂಡಿಲ್ಲ."

"ರಿಜಿಸ್ಟರ್ ಆಗಿದೆ ತಾನೇ? ಬೇಕಾದರೆ ಅವರು ಅಪೀಲು ಹೋಗಲಿ. ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಅಲ್ವಾ?"

ಫೋನ್ ಕಟ್ಟಾಯಿತು.

ಕಡತದಲ್ಲಿ ಪರಿಶಿಷ್ಟರ ಕುಟುಂಬಕ್ಕೆ ಸರ್ಕಾರ ಈ ಜಮೀನು ಮಂಜೂರು ಮಾಡಿದ 1974ರ ಸಾಗುವಳಿ ಚೀಟಿ ಇತ್ತು. ಮಡಿಕೆಗಳಲ್ಲಿ ಹರಿದಿದ್ದನ್ನು ಯಾರೋ ಹಿಂದಿನಿಂದ ಅನ್ನದಗುಳು ಹಚ್ಚಿ, ಕ್ಯಾಲೆಂಡರ್ ಹಾಳೆ ಅಂಟಿಸಿ ಉಳಿಸಿದ್ದರು. ಕೆಳಗೆ ಮಂಜೂರಿದಾರನ ಹೆಬ್ಬೆಟ್ಟು. ಸೊಸೆ ಹೊನ್ನಮ್ಮ ವಿಚಾರಣೆಯಲ್ಲಿ ಹೇಳಿದ್ದು ಒಂದೇ ಮಾತು: "ಆಸ್ಪತ್ರೆ ಖರ್ಚಿಗೆ ಸಾಲದ ಪತ್ರ ಅಂದ್ಕೊಂಡು ನನ್ನ ಗಂಡ ಸಹಿ ಹಾಕಿದ್ರು ಸ್ವಾಮಿ." ಕ್ರಯಪತ್ರ 2019ರದ್ದು. 1978ರ ಪಿಟಿಸಿಎಲ್ ಕಾಯ್ದೆಯ 4(2)ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನು ಕೈ ಬದಲಾಗುವಂತಿಲ್ಲ. ಅದರಲ್ಲಿ ಎರಡು ಅರ್ಥವೇ ಇಲ್ಲ.

ಆದರೂ ಪೆನ್ನು ಏಳಲಿಲ್ಲ. ಪ್ರೊಬೇಷನ್ ವರದಿ ಬರೆಯುವವರು ಅವರೇ. ಊರಲ್ಲಿ ಅಪ್ಪ ಇವನ ಕೋಚಿಂಗ್‌ಗೆ ಮಾಡಿದ ಸೊಸೈಟಿ ಸಾಲ ಇನ್ನೂ ತೀರಿಲ್ಲ. ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಆದೇಶ ಬರೆಯೋದನ್ನು ಕೂರಿಸಿಕೊಂಡು ಕಲಿಸಿದವರು ಇದೇ ಸಾಹೇಬರು. ಕಾರಣ ಬರೆಯದೆ ಸಹಿ ಹಾಕಬೇಡ ಅಂದವರೂ ಇವರೇ.

ಶಿರಸ್ತೇದಾರರು ಮೆಲ್ಲಗೆ ಅಂದರು: "ಸುಮ್ನೆ ಮಾಡಿಬಿಡಿ ಸಾರ್. ತಪ್ಪಿದ್ರೆ ಮೇಲಿನವರು ಸರಿ ಮಾಡ್ತಾರೆ."

"ಮೇಲೆ ಅಂದ್ರೆ ಯಾರು?"

ಶಿರಸ್ತೇದಾರರು ಮಾತಾಡಲಿಲ್ಲ. ಭೂಕಂದಾಯ ಕಾಯ್ದೆಯ 136ನೇ ಕಲಂನಡಿ ಹೊನ್ನಮ್ಮನ ಅಪೀಲು ಹೋಗುವುದು ಇದೇ ಎಸಿ ಮುಂದೆ. ಪಿಟಿಸಿಎಲ್ 5ನೇ ಕಲಂನಡಿ ಜಮೀನು ವಾಪಸ್ ಕೇಳಿದರೂ ಇದೇ ಎಸಿ. ಇಲ್ಲಿ ತಪ್ಪಿದರೆ ಆ ಹೆಂಗಸಿಗೆ ಅಲ್ಲೂ ಇದೇ ಬಾಗಿಲು.

ಪ್ರವೀಣ ಆದೇಶ ಬರೆದ. ತಕರಾರು ಪುರಸ್ಕರಿಸಿದೆ, ಮ್ಯುಟೇಶನ್ ಕೋರಿಕೆ ತಿರಸ್ಕರಿಸಿದೆ, ಕಾರಣ ಹೀಗೆ ಎಂದು ಒಂದೊಂದೇ ಸಾಲು. ಆಮೇಲೆ ಎಸಿ ಕಚೇರಿಗೆ ಒಂದು ಪತ್ರ: "ತಾವು ಇಂದು ಬೆಳಿಗ್ಗೆ ದೂರವಾಣಿಯಲ್ಲಿ ನೀಡಿದ ಮೌಖಿಕ ಸೂಚನೆಯನ್ನು ಕಾಯ್ದೆಯ ಕಾರಣಕ್ಕೆ ಪಾಲಿಸಲು ಸಾಧ್ಯವಾಗಿಲ್ಲ. ಆದೇಶದ ಪ್ರತಿ ಲಗತ್ತಿಸಿದೆ."

"ಇದಕ್ಕೆ ಡಿಸ್ಪ್ಯಾಚ್ ನಂಬರ್ ಹಾಕಬೇಕಾ ಸಾರ್?" ಕೇಸ್ ವರ್ಕರ್ ಕೇಳಿದ.

"ಹಾಕಿ. ಇವತ್ತಿನದೇ ತಾರೀಖು."

ಸಂಜೆ ಮತ್ತೆ ಫೋನ್ ಬಂತು. ಸಾಹೇಬರ ದನಿ ಏರಿತ್ತು. "ಬಾಯಲ್ಲಿ ಹೇಳಿದ್ದನ್ನೆಲ್ಲ ಹೀಗೆ ಕಾಗದಕ್ಕೆ ಹಾಕ್ತಾರೇನ್ರೀ?"

ಪ್ರವೀಣನ ಗಂಟಲು ಒಣಗಿತ್ತು. "ನೀವು ಬರವಣಿಗೆಯಲ್ಲಿ ಕೊಟ್ಟರೆ ಅದನ್ನೂ ಕಡತಕ್ಕೆ ಸೇರಿಸ್ತೀನಿ ಸಾರ್," ಅಂದ.